ಬಿದಿರು, ಪಾಲಿಯೆಸ್ಟರ್ ಮತ್ತು ಬೀದರ್ ಸೀಮೆಯ ಬೆವರು

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳು ದಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಆಸುಪಾಸಿನಲ್ಲಿವೆ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆಯಾದರೂ ಗಾಳಿ ಒಣಗಿರುತ್ತದೆ. ಜುಲೈ ಹಾಗೂ ಆಗಸ್ಟ್‌ನಲ್ಲಿ ಸೆಕೆ ತಗ್ಗಿ, ಗಾಳಿಯ ತೇವ ಏರಿ, ಹಗ್ಗದ ಮೇಲೆ ಹಾಕಿದ ಬಟ್ಟೆ ದಿನವಿಡೀ ಹಸಿಯಾಗಿಯೇ ಉಳಿಯುತ್ತದೆ. ತಾಲೀಮಿನಲ್ಲಿ ಹತ್ತಿಯ ಲಂಗೋಟ ಕಟ್ಟಿ ಕಸರತ್ತು ಮಾಡುತ್ತಿದ್ದ ಈ ಸೀಮೆಯಲ್ಲಿ ಈಗ ಜಿಮ್‌ಗಳು ನಡೆಯುತ್ತಿದ್ದು, ಅಲ್ಲಿಗೆ ಹೋಗುವವರ ಮೈಮೇಲೆ ಅಂಗಡಿಗಳು ‘ಡ್ರೈ ಫಿಟ್’ ಎಂದು ಮಾರುವ ಪಾಲಿಯೆಸ್ಟರ್ ಟಿ-ಶರ್ಟು, ಲೈಕ್ರಾ ಬೆರೆತ ಬಿಗಿ ಪ್ಯಾಂಟು, ಸಡಿಲ ಟ್ರ್ಯಾಕ್ ಪ್ಯಾಂಟು ಕಾಣಿಸುತ್ತವೆ. ಆನ್‌ಲೈನ್ ಮಾರಾಟದ ಮೂಲಕ ‘ಬಿದಿರಿನ ಬಟ್ಟೆ’ಯೂ ಇವುಗಳ ಜೊತೆ ಸೇರಿದೆ. ಬಿದಿರಿನ ಬಟ್ಟೆ ಹೆಚ್ಚು ಹಿಗ್ಗುತ್ತದೆ, ಬೆವರನ್ನು ಚೆನ್ನಾಗಿ ಹೀರುತ್ತದೆ, ವಾಸನೆ ಹಿಡಿಯುವುದಿಲ್ಲ ಎಂಬ ಮೂರು ಮಾತುಗಳನ್ನು ಮಾರುವವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಈ ಮೂರು ಗುಣಗಳಿಗೆ ಕಾರಣಗಳು ಬೇರೆಬೇರೆಯಾಗಿದ್ದು, ಮೊದಲನೆಯದಕ್ಕೂ ಬಿದಿರಿಗೂ ಸಂಬಂಧವೇ ಇಲ್ಲ, ಎರಡನೆಯದು ಅರ್ಧ ನಿಜ, ಮೂರನೆಯದು ಬಹುಮಟ್ಟಿಗೆ ನಿಜವಾದರೂ ಅದಕ್ಕೆ ಕೊಡುವ ಕಾರಣ ಸುಳ್ಳು.

ಮೊದಲು ಬಿದಿರಿನ ಬಟ್ಟೆಯೆಂದರೆ ಏನೆಂಬುದು ಸ್ಪಷ್ಟವಾಗಬೇಕು. ಬಿದಿರಿನ ನಾರನ್ನು ಸೆಣಬಿನಂತೆ ಕೊಳೆಯಿಸಿ, ಬಿಡಿಸಿ, ನೂಲಾಗಿಸಲು ಸಾಧ್ಯವಿದ್ದರೂ ಆ ಬಟ್ಟೆ ಒರಟಾಗಿದ್ದು ದುಬಾರಿಯಾಗಿರುವುದರಿಂದ ಮೈಗಂಟುವ ಉಡುಪುಗಳಲ್ಲಿ ಅದು ಕಾಣಸಿಗುವುದೇ ಅಪರೂಪ. ಮಾರುಕಟ್ಟೆಯ ನಯವಾದ ಬಿದಿರಿನ ಬಟ್ಟೆ ಬಹುತೇಕ ವಿಸ್ಕೋಸ್, ಅಂದರೆ ರೇಯಾನ್. ಬಿದಿರನ್ನು ಕುದಿಸಿ ತೆಗೆದ ತಿರುಳನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ದ್ರವದೊಡನೆ ವರ್ತಿಸಲು ಬಿಟ್ಟು, ಬಂದ ಅಂಟುದ್ರವವನ್ನು ಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದಾಗ ಅದು ಎಳೆಗಳಾಗಿ ಗಟ್ಟಿಯಾಗುತ್ತದೆ. ಹೀಗೆ ಕರಗಿ ಮತ್ತೆ ಕಟ್ಟಿಕೊಂಡ ಎಳೆಯಲ್ಲಿ ಉಳಿಯುವುದು ಶುದ್ಧ ಸೆಲ್ಯುಲೋಸ್ ಮಾತ್ರವಾದ್ದರಿಂದ, ಅದು ಬಿದಿರಿನಿಂದ ಬಂದಿದೆಯೋ ನೀಲಗಿರಿ ಮರದಿಂದ ಬಂದಿದೆಯೋ ಎಂದು ಬಟ್ಟೆಯನ್ನು ಮುಟ್ಟಿ ಹೇಳಲಾಗದು. ಕರ್ನಾಟಕಕ್ಕೆ ಈ ಉದ್ಯಮ ಹೊಸದೇನಲ್ಲ. ಹರಿಹರದ ಎದುರಿಗೆ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣಂನಲ್ಲಿ 1970ರ ದಶಕದಿಂದಲೂ ರೇಯಾನ್ ತಿರುಳು ತಯಾರಾಗುತ್ತಿದೆ. ಅದಕ್ಕೆ ಬೇಕಾದ ನೀಲಗಿರಿಯನ್ನು ಹಳ್ಳಿಗಳ ಸಾರ್ವಜನಿಕ ಜಮೀನಿನಲ್ಲಿ ಬೆಳೆಸುವ ಯೋಜನೆಯನ್ನು ವಿರೋಧಿಸಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆದದ್ದು ನಾಡಿನ ಪರಿಸರ ಚಳವಳಿಯ ಇತಿಹಾಸದಲ್ಲಿ ಸೇರಿದೆ. ಅದೇ ಬಗೆಯ ರಾಸಾಯನಿಕ ಕ್ರಿಯೆಯಿಂದ ಬಂದ ಎಳೆಯನ್ನು ಹಸಿರು ಎಲೆಯ ಚಿತ್ರದೊಡನೆ ನಿಸರ್ಗದ ಕೊಡುಗೆಯೆಂದು ಮಾರುವುದು ಸ್ವಲ್ಪ ಧೈರ್ಯದ ಕೆಲಸವೇ ಸರಿ.

ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯವನ್ನು 2009ರಲ್ಲಿಯೇ ಕೈಗೆತ್ತಿಕೊಂಡಿತು. ರೇಯಾನನ್ನು ಬಿದಿರು ಎಂದು ಮಾರುವುದು ಮತ್ತು ಬಿದಿರಿನ ಸಹಜ ಸೂಕ್ಷ್ಮಾಣು ನಿರೋಧಕ ಗುಣ ಬಟ್ಟೆಯಲ್ಲಿ ಉಳಿದಿದೆಯೆಂದು ಸಾರುವುದು ಎರಡೂ ತಪ್ಪೆಂದು ಅದು ಕಂಪನಿಗಳ ಮೇಲೆ ಕ್ರಮ ಜರುಗಿಸಿತು. 2022ರಲ್ಲಿ ಕೋಲ್ಸ್ ಮತ್ತು ವಾಲ್‌ಮಾರ್ಟ್ ಎಂಬ ದೊಡ್ಡ ಮಳಿಗೆಗಳು ಇದೇ ಕಾರಣಕ್ಕೆ ಒಟ್ಟು 55 ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಬಿದಿರಿನ ಗಿಡದಲ್ಲಿ ಯಾವ ರಕ್ಷಕ ದ್ರವ್ಯವಿದ್ದರೂ ಕಾಸ್ಟಿಕ್ ಸೋಡಾ ಮತ್ತು ಆಮ್ಲದ ತೊಟ್ಟಿಗಳನ್ನು ದಾಟಿ ಅದು ಎಳೆಯಲ್ಲಿ ಉಳಿಯಲಾರದೆಂಬುದು ಆ ಸಂಸ್ಥೆಯ ವಾದದ ತಿರುಳಾಗಿತ್ತು. ಹೀಗಾಗಿ ಮುಂದಿನ ಹೋಲಿಕೆಯೆಲ್ಲ ವಾಸ್ತವದಲ್ಲಿ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ನಡುವಿನ ಹೋಲಿಕೆ.

ಹಿಗ್ಗುವಿಕೆಯ ವಿಷಯ ಸರಳವಾದದ್ದು. ಜಿಮ್ ಬಟ್ಟೆ ಹಿಗ್ಗುವುದು ಎರಡು ಕಾರಣಗಳಿಂದ. ಒಂದು, ಅದು ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಬನಿಯನ್ನಿನಲ್ಲಿರುವಂತೆ ನೂಲು ಕುಣಿಕೆ ಕುಣಿಕೆಯಾಗಿ ಕೂಡಿರುವುದರಿಂದ ಎಳೆದಾಗ ನೂಲು ಹಿಗ್ಗದಿದ್ದರೂ ಕುಣಿಕೆಗಳು ಆಕಾರ ಬದಲಿಸಿ ಬಟ್ಟೆ ಅಗಲವಾಗುತ್ತದೆ. ಇನ್ನೊಂದು, ಅದರಲ್ಲಿ ಬೆರೆತಿರುವ ಎಲಾಸ್ಟೇನ್. ಸ್ಪ್ಯಾಂಡೆಕ್ಸ್ ಎಂದೂ, ಒಂದು ಕಂಪನಿಯ ಮಾರಾಟದ ಹೆಸರಿನಿಂದ ಲೈಕ್ರಾ ಎಂದೂ ಕರೆಯಲಾಗುವ ಈ ಎಳೆಯನ್ನು ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದರು; ಅದು ತನ್ನ ಉದ್ದದ ಐದಾರು ಪಟ್ಟು ಎಳೆದರೂ ಬಿಟ್ಟೊಡನೆ ಹಿಂದಿರುಗುತ್ತದೆ. ಟಿ-ಶರ್ಟಿನಲ್ಲಿ ಸಾಮಾನ್ಯವಾಗಿ ಶೇ 5ರಷ್ಟು, ಬಿಗಿ ಪ್ಯಾಂಟಿನಲ್ಲಿ ಶೇ 15ರಿಂದ 20ರವರೆಗೆ ಎಲಾಸ್ಟೇನ್ ಇರುತ್ತದೆ. ಬಿದಿರಿನ ಜಿಮ್ ಉಡುಪಿನ ಚೀಟಿಯಲ್ಲಿ ಬಹಳ ಸಲ ಕಾಣುವ ‘ಶೇ 95 ವಿಸ್ಕೋಸ್, ಶೇ 5 ಎಲಾಸ್ಟೇನ್’ ಎಂಬ ಬರಹದಲ್ಲಿ ಹಿಗ್ಗಿನ ಹೊಣೆ ಹೊತ್ತಿರುವುದು ಆ ಐದೇ ಭಾಗ. ಅದು ಪೆಟ್ರೋಲಿಯಂ ಮೂಲದ ಸಿಂಥೆಟಿಕ್ ಎಳೆ ಎಂಬುದನ್ನೂ ಇಲ್ಲಿ ಗಮನಿಸಬಹುದು.

ಆದರೂ ಹಿಗ್ಗಿದ ಬಟ್ಟೆ ಮತ್ತೆ ಮೊದಲಿನ ಅಳತೆಗೆ ಬರುವುದರಲ್ಲಿ, ಅಂದರೆ ಮರುಕುಗ್ಗುವಿಕೆಯಲ್ಲಿ, ಮೂಲ ಎಳೆಯ ಪಾತ್ರವೂ ಉಂಟು. ಪಾಲಿಯೆಸ್ಟರ್ ಎಳೆಯನ್ನು ಸ್ವಲ್ಪ ಎಳೆದರೆ ಅದು ತಾನಾಗಿಯೇ ಹಿಂದಕ್ಕೆ ಬರುತ್ತದೆ, ನೆನೆದಾಗಲೂ ಅದರ ಬಲ ಕುಂದುವುದಿಲ್ಲ. ವಿಸ್ಕೋಸ್ ಎಳೆ ಒಮ್ಮೆ ಉದ್ದವಾದರೆ ಬಹುಪಾಲು ಹಾಗೆಯೇ ಉಳಿಯುತ್ತದೆ. ನೆನೆದಾಗ ಉಬ್ಬಿ, ಮೆತ್ತಗಾಗಿ, ತನ್ನ ಒಣ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಬೆವರಿನಿಂದ ಭಾರವಾದ ವಿಸ್ಕೋಸ್ ಟಿ-ಶರ್ಟು ಕೊರಳಿನಲ್ಲಿ ಜೋಲುವುದು, ಪ್ಯಾಂಟು ಮಂಡಿಯ ಬಳಿ ಚೀಲದಂತಾಗುವುದು ಈ ಕಾರಣಕ್ಕೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಬಟ್ಟೆಯ ಮೇಲೆ ಪೆನ್ನಿನಿಂದ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಆ ಅಂತರ 14 ಸೆಂಟಿಮೀಟರ್ ಆಗುವಷ್ಟು ಎಳೆದು ಎರಡು ನಿಮಿಷ ಹಿಡಿದು, ಬಿಟ್ಟ ಒಂದು ನಿಮಿಷದ ನಂತರ ಅಳೆಯಬೇಕು. ಅಂತರ 10.2 ಸೆಂಟಿಮೀಟರ್ ಆಗಿದ್ದರೆ ಉಳಿದ ಹಿಗ್ಗು ಶೇ 2, 10.8 ಆಗಿದ್ದರೆ ಶೇ 8. ಮೊದಲನೆಯದು ಒಳ್ಳೆಯ ಬಟ್ಟೆ, ಎರಡನೆಯದು ಬೇಗ ಜೋಲುವ ಬಟ್ಟೆ. ಇದೇ ಪರೀಕ್ಷೆಯನ್ನು ಬಟ್ಟೆಯನ್ನು ಒದ್ದೆ ಮಾಡಿ ಮತ್ತೊಮ್ಮೆ ನಡೆಸಿದಾಗ ಎರಡು ಬಗೆಯ ಬಟ್ಟೆಗಳ ಅಂತರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎಲಾಸ್ಟೇನ್‌ಗೆ ಬಿಸಿನೀರು, ಬ್ಲೀಚಿಂಗ್ ಪುಡಿ, ಬಿಸಿ ಇಸ್ತ್ರಿ ಮತ್ತು ತಾರಸಿಯ ಮೇಲಿನ ಬೇಸಿಗೆಯ ಬಿಸಿಲು ಈ ನಾಲ್ಕೂ ಶತ್ರುಗಳು. ಹಳೆಯ ಬಟ್ಟೆಯನ್ನು ಎಳೆದಾಗ ಕೂದಲಿನಂಥ ಸಣ್ಣ ಬಿಳಿ ಎಳೆಗಳು ಹೊರಗೆ ಇಣುಕಿದರೆ ಒಳಗಿನ ಎಲಾಸ್ಟೇನ್ ತುಂಡಾಗಿದೆ ಎಂದೇ ಅರ್ಥ.

ಬೆವರಿನ ವಿಷಯಕ್ಕೆ ಬಂದರೆ, ‘ಹೀರುವುದು’ ಎಂಬ ಒಂದು ಮಾತಿನಡಿ ಮೂರು ಬೇರೆ ಕ್ರಿಯೆಗಳು ಅಡಗಿವೆ: ಎಳೆ ತನ್ನೊಳಗೆ ನೀರನ್ನು ಸೇರಿಸಿಕೊಳ್ಳುವುದು, ಎಳೆಗಳ ನಡುವಿನ ಸಂದುಗಳಲ್ಲಿ ನೀರು ಹರಿದು ಬಟ್ಟೆಯ ತುಂಬ ಹರಡುವುದು, ಹರಡಿದ ನೀರು ಆವಿಯಾಗುವುದು. ಮೊದಲನೆಯದನ್ನು ಅಳೆಯಲು ಜವಳಿ ವಿಜ್ಞಾನದಲ್ಲಿ ತೇವಧಾರಣೆ ಎಂಬ ಮಾನವಿದೆ. ಒಣ ಎಳೆಯನ್ನು ಶೇ 65ರಷ್ಟು ಸಾಪೇಕ್ಷ ಆರ್ದ್ರತೆಯ ಗಾಳಿಯಲ್ಲಿಟ್ಟಾಗ ಅದು ತನ್ನ ತೂಕದ ಶೇಕಡ ಎಷ್ಟು ನೀರನ್ನು ಗಾಳಿಯಿಂದಲೇ ಪಡೆಯುತ್ತದೆ ಎಂಬುದೇ ಆ ಮಾನ. ಪಾಲಿಯೆಸ್ಟರ್‌ಗೆ ಅದು ಶೇ 0.4, ನೈಲಾನ್‌ಗೆ ಸುಮಾರು 4, ಹತ್ತಿಗೆ ಸುಮಾರು 8, ವಿಸ್ಕೋಸ್‌ಗೆ ಸುಮಾರು 13. ಆದ್ದರಿಂದ 150 ಗ್ರಾಂ ತೂಕದ ಪಾಲಿಯೆಸ್ಟರ್ ಟಿ-ಶರ್ಟಿನ ಎಳೆಗಳು ಒಂದು ಗ್ರಾಮಿಗೂ ಕಡಿಮೆ ನೀರನ್ನು ಹಿಡಿದರೆ, ಅಷ್ಟೇ ತೂಕದ ವಿಸ್ಕೋಸ್ ಟಿ-ಶರ್ಟಿನ ಎಳೆಗಳು ಸುಮಾರು 20 ಗ್ರಾಂ ಹಿಡಿಯುತ್ತವೆ. ಕಸರತ್ತಿನ ಆರಂಭದಲ್ಲಿ ಬಿದಿರಿನ ಬಟ್ಟೆ ತಂಪಾಗಿ, ಒಣಗಿದಂತೆ ತೋರುವುದಕ್ಕೆ ಇದೇ ಕಾರಣ: ಚರ್ಮದಿಂದ ಏಳುವ ಆವಿಯನ್ನು ಅದು ಹನಿಯಾಗುವ ಮೊದಲೇ ನುಂಗಿಬಿಡುತ್ತದೆ. ಆದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಬೆವರು ಸುರಿಸುವ ಕಠಿಣ ವ್ಯಾಯಾಮದಲ್ಲಿ ಈ ಔದಾರ್ಯ ಬೇಗ ಮುಗಿಯುತ್ತದೆ. ತುಂಬಿದ ಎಳೆಗಳು ಉಬ್ಬಿ ತಮ್ಮ ನಡುವಿನ ಸಂದುಗಳನ್ನು ಕಿರಿದಾಗಿಸುವುದರಿಂದ ನೀರು ಹರಡುವ ದಾರಿಯೂ ಇಕ್ಕಟ್ಟಾಗಿ, ಬಟ್ಟೆ ಮೈಗಂಟಿಕೊಳ್ಳುತ್ತದೆ.

ಪಾಲಿಯೆಸ್ಟರಿನ ಲೆಕ್ಕ ಇದಕ್ಕೆ ತಲೆಕೆಳಗು. ಎಳೆ ನೀರನ್ನು ಒಳಕ್ಕೆ ಬಿಟ್ಟುಕೊಳ್ಳದ ಕಾರಣ ಬೆವರೆಲ್ಲ ಎಳೆಗಳ ನಡುವಿನ ಸಂದುಗಳಲ್ಲೇ ಚಲಿಸಬೇಕು. ಕಿರಿದಾದ ಸಂದಿನಲ್ಲಿ ದ್ರವ ತಾನಾಗಿ ಏರಿ ಹರಡುವ ಈ ಲೋಮನಾಳ ಕ್ರಿಯೆ ನಡೆಯಲು ಎಳೆಯ ಮೇಲ್ಮೈಗೆ ನೀರು ಅಂಟಬೇಕು. ಬರಿಯ ಪಾಲಿಯೆಸ್ಟರಿಗೆ ಅದು ಅಷ್ಟಾಗಿ ಅಂಟುವುದಿಲ್ಲ. ಆದ್ದರಿಂದ ಒಳ್ಳೆಯ ತಯಾರಕರು ಎಳೆಗೆ ಉದ್ದುದ್ದ ಕಾಲುವೆಗಳಿರುವ ಆಕಾರ ಕೊಡುತ್ತಾರೆ, ಮೇಲೆ ನೀರುಪ್ರಿಯ ರಾಸಾಯನಿಕದ ತೆಳು ಲೇಪ ಕೊಡುತ್ತಾರೆ. ಇವೆರಡೂ ಇದ್ದಾಗ ಪಾಲಿಯೆಸ್ಟರ್ ಬೆವರನ್ನು ಬೇಗ ಹರಡಿ ಬೇಗ ಒಣಗಿಸುವುದರಲ್ಲಿ ವಿಸ್ಕೋಸನ್ನು ಮೀರಿಸುತ್ತದೆ; ಇಲ್ಲದಿದ್ದಾಗ ಅದು ಮೈಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಗಿಂತ ಹೆಚ್ಚೇನೂ ಅಲ್ಲ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ‘ಡ್ರೈ ಫಿಟ್’ ಎಲ್ಲವೂ ಒಂದೇ ಮಟ್ಟದ್ದಲ್ಲವೆಂಬುದು ಒಂದು ಹನಿ ನೀರಿನಿಂದ ಬಯಲಾಗುತ್ತದೆ. ಬಟ್ಟೆಯ ಒಳಮೈ ಮೇಲೆ ಹನಿ ಹಾಕಿದಾಗ ಅದು ಎರಡು ಮೂರು ಸೆಕೆಂಡಿನಲ್ಲಿ ಹರಡಿ ಮಾಯವಾದರೆ ಲೇಪ ಚೆನ್ನಾಗಿದೆ. ಅರ್ಧ ನಿಮಿಷವಾದರೂ ಮುತ್ತಿನಂತೆ ನಿಂತಿದ್ದರೆ ಲೇಪವಿಲ್ಲ ಅಥವಾ ತೊಳೆದುಹೋಗಿದೆ. ಕೊಂಡಾಗ ಒಮ್ಮೆ, ಇಪ್ಪತ್ತು ಸಲ ಒಗೆದ ನಂತರ ಇನ್ನೊಮ್ಮೆ ಹೀಗೆ ನೋಡುವುದು ಚೀಟಿಯ ಮೇಲಿನ ಎಲ್ಲ ವರ್ಣನೆಗಿಂತ ನಂಬಲರ್ಹ.

ಈ ಸೀಮೆಯ ಹವೆ ಇಲ್ಲಿ ಯಾವ ಬದಲಾವಣೆ ತರುತ್ತದೆ? 40 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಗರಿಷ್ಠ 51 ಗ್ರಾಂ ಆವಿಯನ್ನು ಹಿಡಿಯಬಲ್ಲದು. ಸಾಪೇಕ್ಷ ಆರ್ದ್ರತೆ ಶೇ 20 ಇರುವ ಬೇಸಿಗೆಯ ಮಧ್ಯಾಹ್ನ ಅದರಲ್ಲಿ 10 ಗ್ರಾಂ ಮಾತ್ರ ಇರುವುದರಿಂದ ಇನ್ನೂ 41 ಗ್ರಾಂಗೆ ಜಾಗವುಂಟು. 25 ಡಿಗ್ರಿಯ, ಶೇ 85 ಆರ್ದ್ರತೆಯ ಮಳೆಗಾಲದ ದಿನ ಗರಿಷ್ಠ ಮಿತಿಯೇ 23 ಗ್ರಾಂ, ಉಳಿದ ಜಾಗ ಮೂರೂವರೆ ಗ್ರಾಂ. ಮೈಮೇಲಿನ ಬಟ್ಟೆಯನ್ನು ದೇಹದ ಬಿಸಿಯೇ ಒಣಗಿಸುವುದರಿಂದ ಅಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದಿಲ್ಲ. ಆದರೆ ಹಗ್ಗದ ಮೇಲಿನ ಬಟ್ಟೆಗೆ ಈ ಹತ್ತು ಪಟ್ಟಿಗೂ ಮಿಗಿಲಾದ ಅಂತರವೇ ಹಣೆಬರಹ. ಬೇಸಿಗೆಯಲ್ಲಿ ವಿಸ್ಕೋಸ್ ಟಿ-ಶರ್ಟು ನೆರಳಿನಲ್ಲಿಯೂ ಬೇಗ ಒಣಗುವುದರಿಂದ ಅದರ ದೋಷ ಕಾಣಿಸುವುದೇ ಇಲ್ಲ. ಮಳೆಗಾಲದಲ್ಲಿ, ಅದರಲ್ಲೂ ಬಿಸಿಲಿಲ್ಲದ ಒಳಾಂಗಣದಲ್ಲಿ, ಹೆಚ್ಚು ನೀರು ಹೊತ್ತ ಅದೇ ಬಟ್ಟೆ ಮರುದಿನ ಬೆಳಗಿನವರೆಗೂ ಹಸಿಯಾಗಿಯೇ ಇರಬಹುದು. ಪಾಲಿಯೆಸ್ಟರ್ ಅಷ್ಟರಲ್ಲಿ ಒಣಗಿರುತ್ತದೆ.

ಮೂರು ಗುಣಗಳಲ್ಲಿ ಮೂಲ ಎಳೆಯ ಸ್ವಭಾವ ನಿಜವಾಗಿ ನಿರ್ಣಾಯಕವಾಗುವುದು ವಾಸನೆಯ ವಿಷಯದಲ್ಲಿ. ಬೆವರಿಗೆ ಹುಟ್ಟಾ ವಾಸನೆಯಿಲ್ಲ. ಕಂಕುಳಿನ ವಿಶೇಷ ಗ್ರಂಥಿಗಳ ಸ್ರಾವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ಕೊಬ್ಬಿನಾಮ್ಲಗಳೂ ಗಂಧಕದ ಸಂಯುಕ್ತಗಳೂ ಹುಟ್ಟಿ ನಾತ ಏಳುತ್ತದೆ. ಈ ಸಂಯುಕ್ತಗಳಲ್ಲಿ ಹಲವು ನೀರಿಗಿಂತ ಎಣ್ಣೆಗೆ ಹೆಚ್ಚು ಒಲಿಯುವಂಥವು; ನೀರನ್ನು ದೂರವಿಡುವ ಪಾಲಿಯೆಸ್ಟರ್ ಎಣ್ಣೆಯನ್ನು ಅಪ್ಪಿಕೊಳ್ಳುತ್ತದೆ. ಚರ್ಮದ ಜಿಡ್ಡು ಎಳೆಗೆ ಅಂಟಿ, ವಾಸನೆಯ ಸಂಯುಕ್ತಗಳು ಅದರಲ್ಲಿ ಕರಗಿ ಕುಳಿತು, ತಣ್ಣೀರಿನ ಒಗೆತಕ್ಕೆ ಬಗ್ಗದೆ, ಮುಂದಿನ ಸಲ ಮೈಬಿಸಿ ತಾಗಿದೊಡನೆ ಮತ್ತೆ ಆವಿಯಾಗಿ ಹೊರಬರುತ್ತವೆ. ಒಗೆದು ಮಡಿಸಿಟ್ಟಾಗ ಶುದ್ಧವೆನಿಸಿದ ಟಿ-ಶರ್ಟು ಜಿಮ್‌ನಲ್ಲಿ ಐದು ನಿಮಿಷ ಕಳೆಯುವಷ್ಟರಲ್ಲಿ ನಾರುವುದರ ರಹಸ್ಯ ಇಷ್ಟೇ.

ಇದನ್ನು ಅಧ್ಯಯನಗಳೂ ಎತ್ತಿಹಿಡಿದಿವೆ. 2007ರಲ್ಲಿ ಪ್ರಕಟವಾದ, ರೇಚೆಲ್ ಮೆಕ್‌ಕ್ವೀನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಉಣ್ಣೆ, ಹತ್ತಿ, ಪಾಲಿಯೆಸ್ಟರ್ ಬಟ್ಟೆಗಳನ್ನು ಕಂಕುಳಿನ ಭಾಗದಲ್ಲಿ ಧರಿಸಿದ ನಂತರ ಮೂಸಿ ನೋಡಿದವರು ಪಾಲಿಯೆಸ್ಟರಿನ ವಾಸನೆಯೇ ಅತಿ ತೀವ್ರವೆಂದು ಗುರುತಿಸಿದರು. ಬಟ್ಟೆಯ ಮೇಲಿನ ಬ್ಯಾಕ್ಟೀರಿಯಾಗಳ ಸಂಖ್ಯೆಗೂ ವಾಸನೆಯ ತೀವ್ರತೆಗೂ ನೇರ ಹೊಂದಿಕೆ ಕಾಣಲಿಲ್ಲವೆಂಬುದು ಅದರ ಹೆಚ್ಚು ಕುತೂಹಲಕರ ಅಂಶ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಮಂದಿ ತೀವ್ರ ಸೈಕಲ್ ವ್ಯಾಯಾಮ ಮಾಡಿದ ಬಳಿಕ ಅವರ ಟಿ-ಶರ್ಟುಗಳನ್ನು 28 ಗಂಟೆ ಮುಚ್ಚಿಟ್ಟು ಪರೀಕ್ಷಿಸಿದಾಗ, ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ಅಹಿತಕರವಾಗಿ ನಾರುತ್ತಿತ್ತು, ಮತ್ತು ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಂಥೆಟಿಕ್ ಬಟ್ಟೆಯ ಮೇಲೆ ವಿಶೇಷವಾಗಿ ಹೆಚ್ಚಿತ್ತು. ಅದೇ ಅಧ್ಯಯನದ ಪ್ರಯೋಗಾಲಯದ ಭಾಗದಲ್ಲಿ ವಿಸ್ಕೋಸ್ ಮೇಲೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ತೀರ ಕಡಿಮೆಯಿತ್ತು. ಗಮನಿಸಬೇಕಾದದ್ದೆಂದರೆ ಇದು ವಿಸ್ಕೋಸಿನ ಗುಣ, ಬಿದಿರಿನ ಗುಣವಲ್ಲ. ನೀಲಗಿರಿಯಿಂದ ಬಂದ ಸಾಧಾರಣ ರೇಯಾನ್, ಬಿದಿರಿನ ಹೆಸರಿಲ್ಲದೆಯೂ ಇದೇ ಉಪಕಾರವನ್ನು ಮಾಡಬಲ್ಲದು.

ಹಾಗೆಂದು ವಿಸ್ಕೋಸ್ ನಾರುವುದೇ ಇಲ್ಲವೆಂದಲ್ಲ, ಅದರ ನಾತ ಬೇರೆ ದಾರಿಯಿಂದ ಬರುತ್ತದೆ. ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದಂತೆ, ಒಗೆದೂ ಸರಿಯಾಗಿ ಒಣಗದ ಬಟ್ಟೆಯ ಮುಗ್ಗು ವಾಸನೆಗೆ ಮೊರಾಕ್ಸೆಲ್ಲಾ ಒಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ. ಬೇಸಿಗೆಯಲ್ಲಿ ಈ ಅಪಾಯ ಅಷ್ಟಾಗಿಲ್ಲ. ಶ್ರಾವಣದ ಮೋಡದಲ್ಲಿ ನಿಧಾನವಾಗಿ ಒಣಗುವ ವಿಸ್ಕೋಸ್ ಬಟ್ಟೆ ಅದಕ್ಕೆ ಹೇಳಿ ಮಾಡಿಸಿದ ತಾಣ. ಹೀಗೆ ವರ್ಷದ ಎಂಟು ತಿಂಗಳು ವಾಸನೆಯ ಸ್ಪರ್ಧೆಯಲ್ಲಿ ಗೆಲ್ಲುವ ಬಟ್ಟೆಯೇ ಉಳಿದ ನಾಲ್ಕು ತಿಂಗಳು, ನೋಡಿಕೊಳ್ಳದಿದ್ದರೆ, ಸೋಲುತ್ತದೆ.

ಒಗೆಯುವ ನೀರೂ ಈ ಲೆಕ್ಕದಲ್ಲಿ ಸೇರಬೇಕು. ಇಲ್ಲಿ ಅನೇಕ ಮನೆಗಳು ಕೊಳವೆಬಾವಿಯನ್ನು ನಂಬಿವೆ, ಕೊಳವೆಬಾವಿಯ ನೀರು ಗಡಸಾಗಿರುವುದು ಸಾಮಾನ್ಯ. ಗಡಸು ನೀರಿನ ಕ್ಯಾಲ್ಸಿಯಂ ಬಾರ್ ಸೋಪಿನೊಡನೆ ಸೇರಿ ನೊರೆಯ ಬದಲು ಕರಗದ ಬಿಳಿ ಕಲ್ಮಶವಾಗುತ್ತದೆ. ಅದು ಎಳೆಗಳ ಸಂದುಗಳಲ್ಲಿ ಕೂತು ಬೆವರು ಹರಡುವ ದಾರಿಯನ್ನು ಮುಚ್ಚುವುದಲ್ಲದೆ ಜಿಡ್ಡನ್ನೂ ಅಲ್ಲಿಯೇ ಹಿಡಿದಿಡುತ್ತದೆ. ಇಂಥ ನೀರಿನಲ್ಲಿ ಬಾರ್ ಸೋಪಿಗಿಂತ ಡಿಟರ್ಜೆಂಟ್ ಪುಡಿ ಅಥವಾ ದ್ರವವೇ ಮೇಲು. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಪಾಲಿಯೆಸ್ಟರಿನ ಜಿಡ್ಡು ಸಡಿಲವಾಗುತ್ತದೆ. ಬಟ್ಟೆಯನ್ನು ಮೃದುಗೊಳಿಸಲು ಕೊನೆಯ ನೀರಿಗೆ ಹಾಕುವ ಸುವಾಸನೆಯ ದ್ರವವನ್ನು ಎರಡೂ ಬಗೆಯ ಜಿಮ್ ಬಟ್ಟೆಗಳಿಂದ ದೂರವಿಡಬೇಕು, ಏಕೆಂದರೆ ಅದು ಎಳೆಗಳ ಮೇಲೆ ಮೇಣದಂಥ ಪದರ ಬಿಟ್ಟು ನೀರುಪ್ರಿಯ ಲೇಪದ ಕೆಲಸವನ್ನು ಕೆಡಿಸುತ್ತದೆ. ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿಯುವ ಪದ್ಧತಿ ಗಟ್ಟಿ ಹತ್ತಿಗೆ ಸರಿಯಾದರೂ, ನೆನೆದಾಗ ಅರ್ಧ ಬಲ ಕಳೆದುಕೊಳ್ಳುವ ವಿಸ್ಕೋಸಿಗೆ ಅದು ಕೇಡು. ಬಿರುಸಾಗಿ ಹಿಂಡಿದರೂ ಅದರ ಆಕಾರ ಕೆಡುತ್ತದೆ, ಉಜ್ಜಿದೆಡೆಯಲ್ಲೆಲ್ಲ ಸಣ್ಣ ಉಂಡೆಗಳೇಳುತ್ತವೆ. ಇವೆಲ್ಲಕ್ಕಿಂತ ಹೆಚ್ಚಿನ ಫಲ ಕೊಡುವುದು ಒಂದು ಸಣ್ಣ ಶಿಸ್ತು: ಜಿಮ್‌ನಿಂದ ಬಂದೊಡನೆ ಬಟ್ಟೆಯನ್ನು ಚೀಲದಲ್ಲಿ ಬಿಡದೆ ಬರಿ ನೀರಿನಲ್ಲಾದರೂ ಜಾಲಿಸಿ ಹರವುವುದು. ಗೆಂಟ್‌ನ ಸಂಶೋಧಕರು ನಾತ ಬೆಳೆಸಲೆಂದೇ ಬಟ್ಟೆಯನ್ನು ಮುಚ್ಚಿಟ್ಟರು. ಜಿಮ್ ಚೀಲದ ಬಾಯಿ ಕಟ್ಟಿ ಮರೆತವರು ಅದೇ ಪ್ರಯೋಗವನ್ನು ಪುಕ್ಕಟೆಯಾಗಿ ನಡೆಸುತ್ತಾರೆ.

ಕೊಳ್ಳುವಾಗ ಚೀಟಿಯ ಮುಂಭಾಗದ ಚಿತ್ರಕ್ಕಿಂತ ಹೊಲಿಗೆಯೊಳಗಿನ ಬಿಳಿ ಪಟ್ಟಿಯಲ್ಲಿ ಅಚ್ಚಾದ ಶೇಕಡಾವಾರು ಪ್ರಮಾಣವನ್ನು ನೋಡಬೇಕು. ಅಲ್ಲಿ ವಿಸ್ಕೋಸ್ ಅಥವಾ ರೇಯಾನ್ ಎಂದಿದ್ದರೆ ಮಾರುವವರು ಸತ್ಯ ಹೇಳಿದ್ದಾರೆ. ಬಿದಿರು ಎಂದಷ್ಟೇ ಇದ್ದರೆ ಅನುಮಾನ ಪಡುವುದು ನ್ಯಾಯ. ಮನೆಗೆ ತಂದ ಮೇಲೂ ಸಂದೇಹ ಉಳಿದರೆ ಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಬೆಂಕಿ ತಾಗಿಸಬಹುದು: ವಿಸ್ಕೋಸ್ ಕಾಗದ ಸುಟ್ಟ ವಾಸನೆಯೊಡನೆ ಉರಿದು ಹುಡಿಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಲಕ್ಷಣ ಕೂಡಿ ಕಂಡರೆ ಅದು ಮಿಶ್ರಣ.

ವಾಸನೆಯ ಮೂಲ ಹೆಚ್ಚಾಗಿ ಕಂಕುಳಾಗಿರುವುದರಿಂದ, ಮತ್ತು ಹಿಗ್ಗಿನ ಅಗತ್ಯ ಹೆಚ್ಚಾಗಿ ಮಂಡಿ ಹಾಗೂ ಸೊಂಟಕ್ಕಿರುವುದರಿಂದ, ಮೇಲುಡುಪನ್ನೂ ಕೆಳಉಡುಪನ್ನೂ ಒಂದೇ ಎಳೆಯಿಂದ ಆರಿಸಬೇಕೆಂಬ ನಿಯಮವೇನಿಲ್ಲ. ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ಭಾರ ಎತ್ತುವ ಸಾಧಾರಣ ವ್ಯಾಯಾಮಕ್ಕೆ ಅಕ್ಟೋಬರಿನಿಂದ ಮೇವರೆಗೆ ಶೇ 5 ಎಲಾಸ್ಟೇನ್ ಇರುವ ವಿಸ್ಕೋಸ್ ಟಿ-ಶರ್ಟು, ಅದರ ಮೇಲೆ ಬಿದಿರಿನ ಹೆಸರಿರಲಿ ಬಿಡಲಿ, ಒಳ್ಳೆಯ ಆಯ್ಕೆ; ಓಟ, ಸೈಕಲ್, ಕಬಡ್ಡಿಯಂಥ ಧಾರಾಳ ಬೆವರಿನ ಆಟಗಳಿಗೂ ಮಳೆಗಾಲದ ಎಲ್ಲ ವ್ಯಾಯಾಮಕ್ಕೂ ಹನಿ ಪರೀಕ್ಷೆಯಲ್ಲಿ ಗೆದ್ದ ಪಾಲಿಯೆಸ್ಟರ್ ಮೇಲು; ಬಿಗಿ ಪ್ಯಾಂಟಿಗೆ ವರ್ಷವಿಡೀ ಶೇ 15ಕ್ಕೆ ಕಡಿಮೆಯಿಲ್ಲದ ಎಲಾಸ್ಟೇನ್ ಬೆರೆತ ನೈಲಾನ್ ಅಥವಾ ಪಾಲಿಯೆಸ್ಟರೇ ತಕ್ಕದ್ದು, ಅಲ್ಲಿ ಬಿದಿರಿನ ಹೆಸರಿಗೆ ಹೆಚ್ಚಿನ ಬೆಲೆ ಕೊಡಲು ಯಾವ ಕಾರಣವೂ ಇಲ್ಲ.